ಸ್ಟಿಕ್ಕರ್ ಗ್ರೇಡ್ ಒನ್ ಅಂತಿತ್ತು, ಮರ ಬೇರೆ ಹೇಳಿತು

ಕಳೆದ ಏಪ್ರಿಲ್‌ನಲ್ಲಿ ಗೋಣಿಕೊಪ್ಪದಿಂದ ನಮ್ಮ ಕ್ಲಬ್‌ನ ಹುಡುಗನೊಬ್ಬ ಒಂದು ಸೆಕೆಂಡ್ ಹ್ಯಾಂಡ್ ಬ್ಯಾಟ್ ಹಿಡಿದುಕೊಂಡು ಮನೆಗೆ ಬಂದ. ಕೊಡಗಿನ ಕುಟುಂಬಗಳ ನಡುವಿನ ಕ್ರಿಕೆಟ್ ಟೂರ್ನಿಗಳು ಹತ್ತಿರ ಬಂದಿದ್ದವು. ‘ಅಣ್ಣ, ಒಂಬತ್ತು ಸಾವಿರ ಕೇಳ್ತಿದ್ದಾರೆ. ಇಂಗ್ಲಿಷ್ ವಿಲೋ ಮರ, ಗ್ರೇಡ್ ಒನ್ ಅಂತೆ. ತಗೊಳ್ಳಲಾ?’ ಎಂದ. ಬ್ಯಾಟಿನ ಮೇಲೆ ಹೆಸರುವಾಸಿ ಕಂಪನಿಯ ಸ್ಟಿಕ್ಕರ್ ಹೊಳೆಯುತ್ತಿತ್ತು.

ನಾನು ಸ್ಟಿಕ್ಕರನ್ನು ಕೊನೆಗೆ ನೋಡುವವನು. ಬಿಡಿ ಸ್ಟಿಕ್ಕರ್‌ಗಳು ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತವೆ. ದೊಡ್ಡ ಆಟಗಾರರಲ್ಲೂ ಕೆಲವರು ತಮಗೆ ಒಗ್ಗಿದ ಕುಶಲಕರ್ಮಿಯಿಂದ ಬ್ಯಾಟ್ ಮಾಡಿಸಿ, ಅದರ ಮೇಲೆ ಪ್ರಾಯೋಜಕರ ಸ್ಟಿಕ್ಕರ್ ಅಂಟಿಸುತ್ತಾರೆ. ಹಾಗಾಗಿ ಬ್ಯಾಟ್ ಯಾರು ಮಾಡಿದ್ದು ಎಂಬುದಕ್ಕೆ ಸ್ಟಿಕ್ಕರ್ ಸಾಕ್ಷಿಯಲ್ಲ.

ಕಾಫಿ ಒಣಗಿಸುವ ಕಣಕ್ಕೆ ಹೋಗಿ, ಬೆಳಗಿನ ಓರೆ ಬಿಸಿಲಿನಲ್ಲಿ ಬ್ಯಾಟನ್ನು ಹಿಡಿದೆ. ಟ್ಯೂಬ್‌ಲೈಟ್ ಕೆಳಗೆ ಕಾಣದ್ದು ಈ ಬೆಳಕಿನಲ್ಲಿ ಕಾಣುತ್ತದೆ. ಮುಖದ ಮೇಲೆ ಉದ್ದಕ್ಕೆ ಗೆರೆಗಳಿರುತ್ತವೆ, ಅವೇ ಗ್ರೈನ್ಸ್. ಒಂದೊಂದು ಗೆರೆಯೂ ಮರದ ಒಂದು ವರ್ಷದ ಬೆಳವಣಿಗೆ. ಇದರಲ್ಲಿ ಐದು ಗೆರೆ ಸಿಕ್ಕವು. ಎಡಕ್ಕೆ ಮೂರು ನೇರವಾಗಿದ್ದವು, ಬಲಕ್ಕೆ ಎರಡು ಸ್ವಲ್ಪ ಅಲೆಯಂತೆ ಹೋಗಿದ್ದವು. ಬಲ ಅಂಚಿನ ಮೂರನೇ ಒಂದು ಭಾಗ ಕೆಂಪಗಿತ್ತು. ನಮ್ಮಲ್ಲಿ ಮರ ಕೊಯ್ಯುವವರು ಚೇಗು ಅನ್ನುತ್ತಾರಲ್ಲ, ಅದೇ. ಅಲ್ಲಲ್ಲಿ ಕಂದು ಚುಕ್ಕೆಗಳೂ ಇದ್ದವು.

ಗೆರೆಗಳು ನಿಜವಾ, ಬಣ್ಣದಲ್ಲಿ ಎಳೆದದ್ದಾ ಅಂತ ತಿಳಿಯಲು ಬ್ಯಾಟಿನ ಕೆಳತುದಿ, ಅಂದರೆ ಟೋ ನೋಡಬೇಕು. ಅದಕ್ಕೆ ಅಂಟಿಸಿದ ಟೋ ಗಾರ್ಡ್ ಅರ್ಧ ಎದ್ದಿತ್ತು, ಅದು ಅದೃಷ್ಟ. ಬ್ಯಾಟನ್ನು ತಲೆಕೆಳಗು ಮಾಡಿ ನೋಡಿದರೆ, ಮುಖದ ಪ್ರತಿ ಗೆರೆಯೂ ಅಂಚು ದಾಟಿ ಟೋ ಮೇಲೆ ಮುಂದಿನಿಂದ ಹಿಂದಕ್ಕೆ ಹೋಗಿರಬೇಕು. ಐದೂ ಹೋಗಿದ್ದವು. ಮುಖದಲ್ಲೇ ನಿಂತು ಹೋದರೆ ಅದು ಮರದ ಗೆರೆಯಲ್ಲ.

ಆಮೇಲೆ ಕಾಶ್ಮೀರ ವಿಲೋ ಇರಬಹುದಾ ಎಂಬ ಅನುಮಾನ. ಕಾಶ್ಮೀರದ್ದು ಬಣ್ಣದಲ್ಲಿ ಸ್ವಲ್ಪ ಕಂದು, ಮರವೂ ಗಟ್ಟಿ ಮತ್ತು ಭಾರ. ಬಣ್ಣವೊಂದನ್ನೇ ನಂಬಬಾರದು, ಬ್ಲೀಚ್ ಮಾಡಿದರೆ ಯಾವ ಮರವೂ ಬೆಳ್ಳಗಾಗುತ್ತದೆ. ಬ್ಲೀಚ್ ಆದ ಬ್ಯಾಟು ಸುಣ್ಣ ಬಳಿದ ಹಾಗೆ ಒಂದೇ ಸಮ ಬಿಳಿ, ಗೆರೆಗಳು ಮಂಕು. ಇದರಲ್ಲಿ ಚೇಗಿನ ಕೆಂಪು ಎದ್ದು ಕಾಣುತ್ತಿತ್ತು, ಅಂದರೆ ಬ್ಲೀಚ್ ಆಗಿಲ್ಲ. ಸ್ಟೋರಿನ ತಕ್ಕಡಿಯಲ್ಲಿ ಇಟ್ಟೆ: 1,190 ಗ್ರಾಂ. ಎಡ್ಜ್ 38 ಮಿಲಿಮೀಟರ್ ಇತ್ತು. ಕಾಶ್ಮೀರ ವಿಲೋದಲ್ಲಿ ಅಷ್ಟು ದಪ್ಪದ ಎಡ್ಜ್ ಬಿಟ್ಟರೆ ತೂಕ ಸಾಮಾನ್ಯವಾಗಿ ಇನ್ನೂ ಜಾಸ್ತಿ ಬರುತ್ತದೆ. ಇಂಗ್ಲಿಷ್ ವಿಲೋ ಅಂದದ್ದು ಸುಳ್ಳಲ್ಲ ಅನ್ನಿಸಿತು.

ಗ್ರೇಡ್ ಮಾತ್ರ ಒಪ್ಪಲಾಗಲಿಲ್ಲ. ಗ್ರೇಡ್‌ಗೆ ಎಲ್ಲ ಕಂಪನಿಗೂ ಒಂದೇ ಅಳತೆ ಇಲ್ಲ, ಒಬ್ಬರ ಒಂದು ಇನ್ನೊಬ್ಬರ ಎರಡು ಆಗಬಹುದು. ಆದರೂ ಗ್ರೇಡ್ ಒನ್ ಅಂದರೆ ನೇರ ಗೆರೆ, ಶುಭ್ರ ಮುಖ, ಅಂಚಿನಲ್ಲಿ ಚೇಗು ಬಂದರೂ ಸ್ವಲ್ಪ ಅನ್ನುವುದು ವಾಡಿಕೆ. ಇಷ್ಟು ಕೆಂಪು, ಇಷ್ಟು ಚುಕ್ಕೆ ಇದ್ದರೆ ಅದು ಎರಡು ಮೂರರ ಮಧ್ಯೆ.

ಕೊನೆಗೆ ಸ್ಟಿಕ್ಕರ್. ಬಿಸಿಲು, ಎಣ್ಣೆ ತಾಗಿ ಮರ ಕಾಲ ಕಳೆದಂತೆ ಹಳದಿಗೆ ತಿರುಗುತ್ತದೆ, ಸ್ಟಿಕ್ಕರ್ ಕೆಳಗಿನ ಜಾಗ ಮಾತ್ರ ಬಿಳಿಯಾಗೇ ಉಳಿಯುತ್ತದೆ. ಈ ಬ್ಯಾಟಿನ ಸ್ಟಿಕ್ಕರ್ ಮುಗಿದ ಮೇಲೂ ಕೆಳಗೆ ಎರಡು ಬೆರಳಷ್ಟು ಬಿಳಿ ಪಟ್ಟಿ ಇತ್ತು. ಹಳೆಯ ಸ್ಟಿಕ್ಕರ್ ಬೇರೆ, ಇದಕ್ಕಿಂತ ಉದ್ದ. ಅವನಿಗೆ ಬೆರಳಿಟ್ಟು ತೋರಿಸಿದೆ.

‘ಹಾಗಾದ್ರೆ ಇದು ಯಾರ ಬ್ಯಾಟು ಅಣ್ಣ?’

ಅದನ್ನು ಹೇಳಲಾಗುವುದಿಲ್ಲ ಎಂದೆ. ಭುಜದ ಹತ್ತಿರ ಅಚ್ಚೊತ್ತಿದ ಗುರುತಿಲ್ಲ, ಹ್ಯಾಂಡಲ್ ಬುಡದಲ್ಲಿ ಪೆನ್ಸಿಲ್ ಬರಹವೂ ಇಲ್ಲ. ಆದರೆ ಕೆಂಪು ಚೇಗಿದ್ದರೆ ಬ್ಯಾಟು ಹೊಡೆಯುವುದಿಲ್ಲ ಅಂತೇನಿಲ್ಲ, ಗ್ರೇಡ್ ಬಹುಪಾಲು ನೋಟದ ಮೇಲೆ ಹಾಕುವುದು. ಮರದ ಸುತ್ತಿಗೆಯಲ್ಲಿ ಮುಖದ ಮೇಲೆ ಮೆಲ್ಲಗೆ ಬಡಿದೆ. ಎಲ್ಲೂ ಬಿರುಕಿನ ಸದ್ದು ಬರಲಿಲ್ಲ, ಹ್ಯಾಂಡಲ್ ಸೇರುವಲ್ಲಿ ಸಡಿಲವೂ ಇರಲಿಲ್ಲ. ‘ಐದು ಸಾವಿರಕ್ಕೆ ಕೊಟ್ಟರೆ ತಗೋ, ಜಾಸ್ತಿ ಬೇಡ’ ಎಂದೆ.

ಆ ಬಿಳಿ ಪಟ್ಟಿ ತೋರಿಸಿದ ಮೇಲೆ ಮಾರುವವರು ಹೆಚ್ಚು ಮಾತಾಡದೆ ಐದಕ್ಕೆ ಕೊಟ್ಟರಂತೆ. ಮರುದಿನ ಹೇರ್ ಡ್ರೈಯರ್ ಬಿಸಿಗೆ ಸ್ಟಿಕ್ಕರ್ ಬಿಡಿಸಿದೆವು. ಕೆಳಗೆ ಹುಣಸೆ ಬೀಜದಷ್ಟು ಕಂದು ಕಲೆ ಇತ್ತು. ಚೆಂಡು ತಾಗುವ ಜಾಗಕ್ಕಿಂತ ಅದು ಒಂದು ಗೇಣು ಮೇಲೆ. ಹೊಸ ಸ್ಟಿಕ್ಕರ್ ಹಾಕೋಣವಾ ಎಂದರೆ ಬೇಡ ಎಂದ. ಮೇ ತಿಂಗಳ ಪಂದ್ಯಗಳನ್ನೆಲ್ಲ ಆ ಬರಿ ಬ್ಯಾಟಿನಲ್ಲೇ ಆಡಿದ.