ಹೊಸ ಟೀಚರ್‌ಗೆ ಗ್ರಾಮರ್ ಹೇಳಿಕೊಡುವುದು ಹೇಗೆ? ಮೊದಲು ವಾಕ್ಯ, ಆಮೇಲೆ ಹೆಸರು

ಇಂಗ್ಲಿಷ್ ಪಾಠಕ್ಕೆ ಹೊಸದಾಗಿ ಸೇರಿದ ಟೀಚರ್ ಒಬ್ಬರು ‘ಕಾಂಪ್ಲಿಮೆಂಟ್ ಅಂದ್ರೆ ಏನು?’ ಅಂತ ಕೇಳುತ್ತಾರೆ. ಪಕ್ಕದಲ್ಲಿದ್ದ ಹಿರಿಯರು ಶುರು ಹಚ್ಚಿಕೊಳ್ಳುತ್ತಾರೆ: ಲಿಂಕಿಂಗ್ ವರ್ಬ್, ಸಬ್ಜೆಕ್ಟ್ ಕಾಂಪ್ಲಿಮೆಂಟ್, ಪ್ರೆಡಿಕೇಟಿವ್ ಅಡ್ಜೆಕ್ಟಿವ್... ಕೇಳಿದ್ದು ಒಂದು ಪದ, ತಲೆ ಮೇಲೆ ಬಿದ್ದಿದ್ದು ಹತ್ತು. ಹೊಸಬರು ‘ಹೂಂ, ಗೊತ್ತಾಯ್ತು’ ಅಂತ ಎದ್ದು ಹೋಗುತ್ತಾರೆ. ಏನೂ ಗೊತ್ತಾಗಿರುವುದಿಲ್ಲ. ಇದನ್ನು ಎಷ್ಟೋ ಸಲ ನೋಡಿದ ಮೇಲೆ ಬರೆಯುತ್ತಿದ್ದೇನೆ.

ಮೊದಲ ಕೆಲಸ, ವ್ಯಾಖ್ಯೆ ಇರುವ ಪುಸ್ತಕ ಮುಚ್ಚಿಡಿ. ಒಂದೇ ಒಂದು ವಾಕ್ಯವನ್ನು ಹಾಳೆ ಮೇಲೆ ದೊಡ್ಡದಾಗಿ ಬರೆಯಿರಿ. ನನಗೆ ಇಷ್ಟವಾದದ್ದು ಇದು: ‘ವೆನ್ ದ ರೈನ್ ಸ್ಟಾಪ್ಡ್, ದ ರೋಡ್ ವಾಸ್ ಎ ರಿವರ್.’ ಮಳೆ ನಿಂತಾಗ ರಸ್ತೆಯೇ ಹೊಳೆಯಾಗಿತ್ತು. ನಮಗೆ ಬೇಕಾದ ಡಿಟರ್ಮಿನರ್, ಕ್ಲಾಝ್, ಕಾಂಪ್ಲಿಮೆಂಟ್ ಮೂರೂ ಇದರೊಳಗೇ ಇವೆ. ಬೇರೆ ಬೇರೆ ಪದಕ್ಕೆ ಬೇರೆ ಬೇರೆ ಉದಾಹರಣೆ ಹುಡುಕಲು ಹೋಗಬೇಡಿ, ಹೊಸಬರ ಅರ್ಧ ಗಮನ ಅರ್ಥ ಮಾಡಿಕೊಳ್ಳುವುದರಲ್ಲೇ ಕಳೆದುಹೋಗುತ್ತದೆ.

ಎರಡನೆಯದು ಡಿಟರ್ಮಿನರ್. ಇದು ಸುಲಭ. ‘ರೋಡ್’ ಮುಂದಿರುವ ‘ದ’ ತೆಗೆದು ಆ ಜಾಗದಲ್ಲಿ ‘ದಿಸ್’, ‘ಅವರ್’, ‘ಎವ್ರಿ’ ಕೂರಿಸಿ. ಕೂರುತ್ತವೆ. ಎರಡನ್ನು ಒಟ್ಟಿಗೆ ಕೂರಿಸಿ ನೋಡಿ, ‘ದ ಅವರ್ ರೋಡ್’. ಆಗುವುದಿಲ್ಲ. ಒಂದೇ ಸೀಟಿಗೆ ಕಾದಿರುವ ಪದಗಳೇ ಡಿಟರ್ಮಿನರ್‌ಗಳು. ‘ವೈಡ್’ ಆ ಗುಂಪಿಗೆ ಸೇರಿದ್ದಲ್ಲ, ಯಾಕೆಂದರೆ ‘ದ ವೈಡ್ ರೋಡ್’ ಅನ್ನಬಹುದು. ‘ವೈಡ್’ ತೆಗೆದರೂ ವಾಕ್ಯ ನಿಲ್ಲುತ್ತದೆ. ‘ದ’ ತೆಗೆದು ‘ರೋಡ್ ವಾಸ್ ಎ ರಿವರ್’ ಅಂದರೆ ನಿಲ್ಲುವುದಿಲ್ಲ. ಕನ್ನಡದಲ್ಲಿ ಸುಮ್ನೆ ‘ರಸ್ತೆ’ ಅಂದರೆ ಸಾಕು, ಅದಕ್ಕೇ ಮಕ್ಕಳು ಈ ಪದವನ್ನೇ ಜಾಸ್ತಿ ಬಿಡುವುದು. ‘ಆಲ್ ದ ರೋಡ್ಸ್’ ಅಂತ ಎರಡು ಬರುತ್ತವಲ್ಲ ಅಂತ ಅವರೇ ಕೇಳಿದರೆ, ಎಲ್ಲಕ್ಕಿಂತ ಮುಂದೆ ನಿಲ್ಲುವ ‘ಆಲ್’, ‘ಬೋತ್’, ‘ಹಾಫ್’ ಬಗ್ಗೆ ಆಗ ಹೇಳಿ. ಕೇಳದಿದ್ದರೆ ಬೇಡ.

ಮೂರನೆಯದು ಕ್ಲಾಝ್. ಕಾಲ ತೋರಿಸುವ ಕ್ರಿಯಾಪದ ಎಷ್ಟಿವೆ ಅಂತ ಎಣಿಸಲು ಹೇಳಿ. ‘ಸ್ಟಾಪ್ಡ್’, ‘ವಾಸ್’. ಎರಡಿವೆ, ಎರಡು ಕ್ಲಾಝ್. ‘ಆಫ್ಟರ್ ದ ರೈನ್’ ಅಂದಿದ್ದರೆ ಅದರಲ್ಲಿ ಕ್ರಿಯಾಪದವೇ ಇಲ್ಲ, ಹಾಗಾಗಿ ಅದು ಫ್ರೇಸ್. ‘ಹ್ಯಾಸ್ ಬೀನ್ ವೇಟಿಂಗ್’ ಥರದ್ದು ಮೂರು ಪದವಾದರೂ ಲೆಕ್ಕಕ್ಕೆ ಒಂದೇ. ‘ಟು ಗೋ’, ‘ಗೋಯಿಂಗ್’ ಕೂಡ ಕ್ಲಾಝ್ ಕಟ್ಟುತ್ತವೆ ಅನ್ನುವ ವ್ಯಾಕರಣ ಪುಸ್ತಕಗಳಿವೆ. ಮೊದಲ ದಿನ ಆ ಬಾಗಿಲು ತೆರೆಯಬೇಡಿ.

ಈಗ ಎಲ್ಲರೂ ಎಡವುವ ಜಾಗ, ಕಾಂಪ್ಲಿಮೆಂಟ್. ‘ಎ ರಿವರ್’ ಕೆಳಗೆ ಗೆರೆ ಎಳೆಯಿರಿ. ಇದೇನು ಅಂತ ಕೇಳಿದರೆ ಹೊಸಬರು ಥಟ್ ಅಂತ ‘ಆಬ್ಜೆಕ್ಟ್’ ಅನ್ನುತ್ತಾರೆ. ತಪ್ಪು ಅವರದ್ದಲ್ಲ. ‘ಕ್ರಿಯಾಪದಕ್ಕೆ ಏನು ಅಂತ ಪ್ರಶ್ನೆ ಹಾಕು, ಸಿಗುವ ಉತ್ತರವೇ ಆಬ್ಜೆಕ್ಟ್’ ಅನ್ನುವ ಶಾರ್ಟ್‌ಕಟ್ ಗೈಡುಗಳಲ್ಲಿ ಓಡಾಡುತ್ತಿದೆ. ರಸ್ತೆ ಏನಾಗಿತ್ತು? ಹೊಳೆ. ಉತ್ತರ ಸಿಕ್ಕಿತು, ಆದರೆ ಅದು ಆಬ್ಜೆಕ್ಟ್ ಅಲ್ಲ. ಈ ಶಾರ್ಟ್‌ಕಟ್ಟನ್ನು ಅವತ್ತೇ ಬಿಡಿಸಿಬಿಡಿ. ಇಲ್ಲದಿದ್ದರೆ ಮುಂದೆ ನೀವು ಏನು ಹೇಳಿದರೂ ಅದು ಅಡ್ಡ ಬರುತ್ತದೆ.

ಬಿಡಿಸುವುದು ಹೀಗೆ. ‘ವಾಸ್’ ಜಾಗದಲ್ಲಿ ‘ಕ್ರಾಸ್ಡ್’ ಬರೆಯಿರಿ: ‘ದ ರೋಡ್ ಕ್ರಾಸ್ಡ್ ಎ ರಿವರ್.’ ಎರಡು ವಾಕ್ಯವನ್ನೂ ಒಂದರ ಕೆಳಗೊಂದು ಇಡಿ. ಒಂದು ಪದ ಬಿಟ್ಟರೆ ಉಳಿದದ್ದೆಲ್ಲ ಅದೇ. ಎಷ್ಟು ವಸ್ತುಗಳ ಮಾತು ಬಂದಿದೆ ಅಂತ ಕೇಳಿ. ಮೇಲಿನದರಲ್ಲಿ ಒಂದೇ, ರಸ್ತೆ. ಅದನ್ನೇ ಹೊಳೆ ಅಂದಿದ್ದೇವೆ. ಕೆಳಗಿನದರಲ್ಲಿ ಎರಡು, ರಸ್ತೆ ಬೇರೆ, ಹೊಳೆ ಬೇರೆ. ಸಬ್ಜೆಕ್ಟನ್ನೇ ತಿರುಗಿ ಹೇಳುವುದು ಕಾಂಪ್ಲಿಮೆಂಟ್, ಬೇರೆಯದಕ್ಕೆ ಕೈ ಚಾಚುವುದು ಆಬ್ಜೆಕ್ಟ್. ಇಷ್ಟಕ್ಕೇ ನಿಲ್ಲಿಸಿ, ಅವರೇ ನಾಲ್ಕು ವಾಕ್ಯ ಬರೆಯಲಿ.

ಜಾಣರಾದರೆ ಅಲ್ಲೊಂದು ತೊಡಕು ತರುತ್ತಾರೆ. ‘ಶಿ ಕಟ್ ಹರ್‌ಸೆಲ್ಫ್’ ಅಂದರೆ? ಇಬ್ಬರೂ ಒಬ್ಬಳೇ ಅಲ್ವಾ, ಹಾಗಾದರೆ ‘ಹರ್‌ಸೆಲ್ಫ್’ ಕಾಂಪ್ಲಿಮೆಂಟಾ? ಅಲ್ಲ. ಇಲ್ಲಿ ಎರಡನೇ ಪರೀಕ್ಷೆ ಬೇಕು: ಆ ಜಾಗದಲ್ಲಿ ಒಂದು ಗುಣವಾಚಕ ಇಟ್ಟು ನೋಡುವುದು. ‘ದ ರೋಡ್ ವಾಸ್ ವೆಟ್’ ಸರಿ. ‘ಶಿ ಕಟ್ ಟೈರ್ಡ್’ ಆಗಲ್ಲ, ಆದ್ದರಿಂದ ‘ಹರ್‌ಸೆಲ್ಫ್’ ಆಬ್ಜೆಕ್ಟ್. ಪ್ಯಾಸಿವ್ ಮಾಡಿ ನೋಡಿ ಅನ್ನುವವರೂ ಇದ್ದಾರೆ. ನಾನು ಅದನ್ನು ಹೇಳಿಕೊಡುವುದಿಲ್ಲ. ‘ಶಿ ಹ್ಯಾಸ್ ಎ ಕಾರ್’ ಅನ್ನುವುದು ಪ್ಯಾಸಿವ್‌ಗೆ ಬಗ್ಗುವುದಿಲ್ಲ, ಆದರೂ ‘ಎ ಕಾರ್’ ಆಬ್ಜೆಕ್ಟೇ. ಗುಣವಾಚಕದ ಪರೀಕ್ಷೆ ಅಲ್ಲೂ ಸರಿಯಾದ ಉತ್ತರ ಕೊಡುತ್ತದೆ, ‘ಶಿ ಹ್ಯಾಸ್ ರಿಚ್’ ಅನ್ನಲು ಬರುವುದಿಲ್ಲ.

ಒಂದೇ ಎಚ್ಚರ, ಪದ ಬದಲಾಯಿಸುವಾಗ ಕ್ರಿಯಾಪದದ ಅರ್ಥ ಜಾರಬಾರದು. ‘ಹಿ ಟರ್ನ್ಡ್ ದ ಪೇಜ್’ ಅಂದರೆ ಹಾಳೆ ತಿರುಗಿಸಿದ. ‘ಹಿ ಟರ್ನ್ಡ್ ಪೇಲ್’ ಅಂದರೆ ಅವನ ಮುಖ ಬಿಳಿಚಿಕೊಂಡಿತು. ಮೊದಲನೆಯದು ತಿರುಗಿಸುವುದು, ಎರಡನೆಯದು ಆಗುವುದು. ‘ಪೇಲ್’ ಕೂತಿತು ಅಂತ ‘ದ ಪೇಜ್’ ಕಾಂಪ್ಲಿಮೆಂಟ್ ಆಗಿಬಿಡುವುದಿಲ್ಲ. ಅದಕ್ಕೇ ‘ಲಿಂಕಿಂಗ್ ವರ್ಬ್‌ಗಳ ಪಟ್ಟಿ’ ಅಂತ ಗೋಡೆಗೆ ಅಂಟಿಸುವ ಚಾರ್ಟುಗಳು ನನಗೆ ಹಿಡಿಸುವುದಿಲ್ಲ. ‘ಟರ್ನ್’, ‘ಲುಕ್’, ‘ಫೀಲ್’, ‘ಸ್ಮೆಲ್’ ಎಲ್ಲ ಆ ಪಟ್ಟಿಯಲ್ಲಿರುತ್ತವೆ, ಆದರೆ ಯಾವ ವಾಕ್ಯದಲ್ಲಿ ಯಾವ ಅರ್ಥ ಅಂತ ಚಾರ್ಟ್ ಹೇಳುವುದಿಲ್ಲ.

ಇಲ್ಲಿಯವರೆಗೆ ನಿರಾಳವಾಗಿ ಬಂದರೆ ಮಾತ್ರ ಆಬ್ಜೆಕ್ಟ್ ಕಾಂಪ್ಲಿಮೆಂಟ್‌ಗೆ ಹೋಗಿ. ‘ದೇ ಮೇಡ್ ಹರ್ ಟೀ’, ‘ದೇ ಮೇಡ್ ಹರ್ ಕ್ಯಾಪ್ಟನ್.’ ಅವಳು ಟೀ ಅಲ್ಲ, ಆದರೆ ಅವಳು ಕ್ಯಾಪ್ಟನ್ ಹೌದು. ಅದೇ ಹಳೇ ಪ್ರಶ್ನೆ, ಈ ಸಲ ಸಬ್ಜೆಕ್ಟ್ ಬದಲು ‘ಹರ್’ ಬಗ್ಗೆ ಕೇಳುತ್ತೇವೆ, ಅಷ್ಟೆ. ‘ದೇ ಮೇಡ್ ಹರ್ ಆಂಗ್ರಿ’ ಅಂತ ಗುಣವಾಚಕ ಇಟ್ಟರೂ ಕ್ಯಾಪ್ಟನ್ ಜಾಗದಲ್ಲಿ ಸಲೀಸಾಗಿ ಕೂರುತ್ತದೆ.

ಇನ್ನೊಂದು ಗೊಂದಲ ಪುಸ್ತಕದಿಂದ ಪುಸ್ತಕಕ್ಕೆ ಹೋದಾಗ ಬರುತ್ತದೆ. ಕೆಲವು ವ್ಯಾಕರಣಗಳಲ್ಲಿ ಕ್ರಿಯಾಪದದ ಅರ್ಥ ಪೂರ್ತಿಯಾಗಲು ಬೇಕಾದದ್ದೆಲ್ಲ ಕಾಂಪ್ಲಿಮೆಂಟ್, ಆಬ್ಜೆಕ್ಟ್ ಕೂಡ ಅದರೊಳಗೇ. ಹೊಸಬರು ಎರಡು ಪುಸ್ತಕ ಇಟ್ಟುಕೊಂಡು ತಲೆ ಕೆರೆದುಕೊಳ್ಳುತ್ತಿದ್ದರೆ ಕಾರಣ ಇದೇ ಇರಬಹುದು. ಯಾರೂ ತಪ್ಪು ಬರೆದಿಲ್ಲ, ಒಂದೇ ಹೆಸರನ್ನು ಹಿಗ್ಗಿಸಿ ಬಳಸಿದ್ದಾರೆ. ಮಕ್ಕಳ ಪಠ್ಯಪುಸ್ತಕ ಯಾವ ಅರ್ಥ ಹಿಡಿದಿದೆಯೋ ಕ್ಲಾಸಿನಲ್ಲಿ ಅದನ್ನೇ ಹಿಡಿಯಲು ಹೇಳಿ.

ಕೊನೆಗೆ ಅರ್ಥವಾಯಿತಾ ಅಂತ ಕೇಳಬೇಡಿ, ಹೌದು ಅಂತಲೇ ಉತ್ತರ ಬರುತ್ತದೆ. ‘ಮೈ ಬ್ರದರ್ ಡ್ಯಾಶ್ ಎ ಟೀಚರ್’ ಅಂತ ಬರೆದುಕೊಡಿ. ಡ್ಯಾಶ್ ಇರುವಲ್ಲಿ ಕಾಂಪ್ಲಿಮೆಂಟ್ ಬರುವಂತೆ ಒಂದು ಕ್ರಿಯಾಪದ, ಆಬ್ಜೆಕ್ಟ್ ಬರುವಂತೆ ಇನ್ನೊಂದು ತುಂಬಲಿ. ‘ಬಿಕೇಮ್’, ‘ಮೆಟ್’ ಅಂತ ಬರೆದರೆ ಮುಂದಿನ ಪಾಠಕ್ಕೆ ಹೋಗಬಹುದು. ‘ಮೆಟ್’, ‘ಸಾ’ ಅಂತ ಬರೆದರೆ ಆ ಹಳೇ ‘ಏನು’ ಪ್ರಶ್ನೆ ಇನ್ನೂ ಬಿಟ್ಟಿಲ್ಲ. ರಸ್ತೆ ಮತ್ತು ಹೊಳೆಯ ಎರಡು ವಾಕ್ಯವನ್ನು ಇನ್ನೊಮ್ಮೆ ಮುಂದಿಡಿ, ಹೊಸ ಪದ ಮಾತ್ರ ಸೇರಿಸಬೇಡಿ.