ಹನಿ ಇಂಧನವಿಲ್ಲದೆ ಹಬಲ್ ದೂರದರ್ಶಕ ತಿರುಗುವುದು ಹೇಗೆ?

ಈ ವಿಷಯ ಕಾಗದದ ಮೇಲೆ ಓದಿದರೆ ಅರ್ಧ ಮಾತ್ರ ಅರ್ಥವಾಗುತ್ತದೆ. ಆದ್ದರಿಂದ ಮೊದಲು ಒಂದು ತಿರುಗುವ ಆಫೀಸ್ ಕುರ್ಚಿ ಮತ್ತು ಹಳೇ ಸೈಕಲ್ಲಿನ ಮುಂದಿನ ಚಕ್ರ ಹುಡುಕಿಕೊಳ್ಳಿ. ಚಕ್ರದ ಅಚ್ಚಿನ ಒಂದು ತುದಿಗೆ ಗಟ್ಟಿಯಾದ ಹಿಡಿ ಕೂರಿಸಿ. ಟೈರ್ ಇದ್ದರೆ ಇರಲಿ, ಅಂಚು ಭಾರವಾಗಿದ್ದಷ್ಟೂ ಒಳ್ಳೆಯದು.

ಕುರ್ಚಿಯಲ್ಲಿ ಕುಳಿತು ಎರಡೂ ಕಾಲು ನೆಲದಿಂದ ಎತ್ತಿ. ಎಡಗೈಯಲ್ಲಿ ಹಿಡಿಯನ್ನು ನೆಟ್ಟಗೆ ಹಿಡಿದುಕೊಳ್ಳಿ. ಚಕ್ರ ತಟ್ಟೆಯ ಹಾಗೆ ನಿಮ್ಮ ಮುಂದೆ ಅಡ್ಡಲಾಗಿ ಇರಬೇಕು. ಈಗ ಬಲಗೈಯಿಂದ ಅಂಚನ್ನು ಜೋರಾಗಿ ಎಳೆದು ತಿರುಗಿಸಿ. ಚಕ್ರ ಎಡಕ್ಕೆ ಸುತ್ತಿದರೆ ನೀವು ಕುರ್ಚಿ ಸಮೇತ ನಿಧಾನವಾಗಿ ಬಲಕ್ಕೆ ಹೊರಡುತ್ತೀರಿ. ಅಂಗೈಯಿಂದ ಚಕ್ರವನ್ನು ಒತ್ತಿ ನಿಲ್ಲಿಸಿದರೆ ನೀವೂ ನಿಲ್ಲುತ್ತೀರಿ. ನೆಲ ಮುಟ್ಟಲಿಲ್ಲ, ಗೋಡೆ ತಳ್ಳಲಿಲ್ಲ. ಆದರೂ ಮುಖ ಬೇರೆ ದಿಕ್ಕಿಗೆ ಬಂತು, ಅಲ್ವಾ?

ಹಬಲ್ ತಿರುಗುವುದೂ ಹೀಗೇ. ಅದರೊಳಗಿನ ಇಂಥ ಚಕ್ರಕ್ಕೆ ರಿಯಾಕ್ಷನ್ ವೀಲ್ ಎನ್ನುತ್ತಾರೆ. ಚಕ್ರಕ್ಕೆ ಒಂದು ಕಡೆ ಎಷ್ಟು ತಿರುಗುವಿಕೆ ಕೊಟ್ಟಿರೋ ಅಷ್ಟೇ ತಿರುಗುವಿಕೆ ಎದುರು ದಿಕ್ಕಿನಲ್ಲಿ ನಿಮಗೆ ಬರುತ್ತದೆ. ಎರಡನ್ನೂ ಕೂಡಿದರೆ ಸೊನ್ನೆ. ಶಾಲೆಯ ಪುಸ್ತಕದಲ್ಲಿ ಇದನ್ನು ಕೋನೀಯ ಸಂವೇಗ ಸಂರಕ್ಷಣೆಯ ನಿಯಮ ಎನ್ನುತ್ತಾರೆ.

ಹಬಲ್ ಒಳಗಿನ ಲೆಕ್ಕ

1990ರಲ್ಲಿ ಬಾಹ್ಯಾಕಾಶಕ್ಕೆ ಹಾರಿದ ಹಬಲ್ ದೂರದರ್ಶಕವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಉದ್ದ 13 ಮೀಟರ್, ತೂಕ ಸುಮಾರು 11 ಟನ್. ಇಷ್ಟು ದೊಡ್ಡದಾದರೂ ಅದರಲ್ಲಿ ದಿಕ್ಕು ತಿರುಗಿಸುವ ರಾಕೆಟ್ ಕೊಳವೆ ಒಂದೂ ಇಲ್ಲ. ಕೊಳವೆಯಿಂದ ಬರುವ ಹೊಗೆ 2.4 ಮೀಟರ್ ಅಗಲದ ಕನ್ನಡಿಯ ಮೇಲೆ ಕೂತರೆ ದೂರದರ್ಶಕವೇ ಹಾಳು. ಅದಕ್ಕೇ ಎಲ್ಲ ಕೆಲಸವನ್ನೂ ನಾಲ್ಕು ಚಕ್ರಗಳಿಗೆ ವಹಿಸಿದ್ದಾರೆ. ಒಂದೊಂದು ಚಕ್ರದ ಅಗಲ ಸುಮಾರು 59 ಸೆಂಟಿಮೀಟರ್, ಅಂದರೆ ದೊಡ್ಡ ಪರಾತದಷ್ಟು. ನಿಮಿಷಕ್ಕೆ 3,000 ಸುತ್ತು ಅದರ ಮಿತಿ. ತಿರುಗಿಸಲು ವಿದ್ಯುತ್ ಮೋಟರ್ ಇದೆ, ಆ ವಿದ್ಯುತ್ತು ಬಿಸಿಲಿನಿಂದ ಬರುತ್ತದೆ.

ಪರಾತದಷ್ಟು ಚಕ್ರ ಬಸ್ಸಿನಷ್ಟು ದೂರದರ್ಶಕವನ್ನು ತಿರುಗಿಸುವುದು ಹೇಗೆ? ನಿಧಾನವಾಗಿ. ಹಬಲ್‌ನ ಉದ್ದಕ್ಕೆ ಅಡ್ಡಲಾಗಿ ತಿರುಗಿಸುವುದು ಒಂದು ಚಕ್ರವನ್ನು ತಿರುಗಿಸುವುದಕ್ಕಿಂತ ಹೆಚ್ಚು ಕಡಿಮೆ ಒಂದು ಲಕ್ಷ ಪಟ್ಟು ಕಷ್ಟ. ಹಾಗಾಗಿ ಹಬಲ್ ಒಂದು ಸುತ್ತಿನ ವೇಗ ಪಡೆಯಬೇಕಾದರೆ ಚಕ್ರ ಅದೇ ಸಮಯದಲ್ಲಿ ಒಂದು ಲಕ್ಷ ಸುತ್ತು ಹಾಕುವ ವೇಗ ಪಡೆಯಬೇಕು. ಹಬಲ್ ತಿರುಗುವುದು ಗಡಿಯಾರದ ನಿಮಿಷದ ಮುಳ್ಳಿನ ವೇಗದಲ್ಲಿ, ಗಂಟೆಗೆ ಒಂದು ಸುತ್ತು. ಒಂದು ಲಕ್ಷವನ್ನು 60ರಿಂದ ಭಾಗಿಸಿ. ನಿಮಿಷಕ್ಕೆ ಸುಮಾರು 1,700 ಸುತ್ತು ಬಂತು. ಮಿತಿ 3,000 ಇದೆ, ಕೆಲಸವನ್ನು ಹಂಚಿಕೊಳ್ಳಲು ಬೇರೆ ಚಕ್ರಗಳೂ ಇವೆ. ಸಲೀಸಾಗಿ ನಡೆಯುತ್ತದೆ.

ಈಗ ಆಕಾಶದಲ್ಲಿ 90 ಡಿಗ್ರಿ ಆಚೆ ಇರುವ ನಕ್ಷತ್ರದ ಕಡೆ ತಿರುಗಬೇಕು ಎನ್ನಿ. ಮೊದಲು ಮೋಟರ್‌ಗಳು ಚಕ್ರಗಳ ವೇಗ ಬದಲಿಸುತ್ತವೆ. ಹಬಲ್ ಎದುರು ದಿಕ್ಕಿಗೆ ಹೊರಡುತ್ತದೆ. ನಿಮಿಷದ ಮುಳ್ಳಿನ ವೇಗ ಬಂದ ಮೇಲೆ ಮೋಟರ್ ತಳ್ಳುವುದಿಲ್ಲ, ಚಕ್ರ ಅದೇ ವೇಗದಲ್ಲಿ ಸುತ್ತುತ್ತಿರುತ್ತದೆ, ಹಬಲ್ ತನ್ನ ಪಾಡಿಗೆ ತಿರುಗುತ್ತಿರುತ್ತದೆ. ಗುರಿ ಹತ್ತಿರ ಬಂದಾಗ ಚಕ್ರಗಳನ್ನು ಹಳೆಯ ವೇಗಕ್ಕೆ ತರಬೇಕು. ಕುರ್ಚಿಯಲ್ಲಿ ನೀವು ಅಂಗೈ ಒತ್ತಿ ಚಕ್ರ ನಿಲ್ಲಿಸಿದಿರಲ್ಲ, ಹಾಗೆ. ಒಟ್ಟು 15 ನಿಮಿಷದ ಕೆಲಸ.

ಬಂದು ನಿಂತ ಮೇಲೆ ನಿಜವಾದ ಕುಸುರಿ ಶುರು. ಹಬಲ್ 0.007 ಆರ್ಕ್ ಸೆಕೆಂಡಿನಷ್ಟು ಮಾತ್ರ ಅಲುಗಾಡಬಹುದು. ಒಂದು ಡಿಗ್ರಿಯನ್ನು 3,600 ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ ಆರ್ಕ್ ಸೆಕೆಂಡ್. ಬೆಂಗಳೂರಿನಲ್ಲಿ ನಿಂತು ಮೈಸೂರಿನಲ್ಲಿಟ್ಟ ಒಂದು ಅಕ್ಕಿ ಕಾಳಿನ ಕಡೆ ಬೆರಳು ತೋರಿಸಿದಿರಿ ಎಂದುಕೊಳ್ಳಿ. ಬೆರಳು ಆ ಕಾಳಿನ ಉದ್ದಕ್ಕಿಂತ ಆಚೆ ಈಚೆ ಹೋಗಬಾರದು. ರಾಕೆಟ್ ಕೊಳವೆಯಿಂದ ಇದು ಬಹಳ ಕಷ್ಟ. ಅದನ್ನು ತೆರೆಯಬಹುದು, ಮುಚ್ಚಬಹುದು, ತೆರೆದಾಗಲೆಲ್ಲ ಒಂದು ಗುದ್ದು ಬೀಳುತ್ತದೆ. ಮೋಟರ್‌ನ ಕರೆಂಟನ್ನು ಎಷ್ಟು ಸಣ್ಣಗೆ ಬೇಕಾದರೂ ಏರಿಸಿ ಇಳಿಸಬಹುದು. ಹಬಲ್‌ನ ಮಾರ್ಗದರ್ಶಕ ಕ್ಯಾಮೆರಾಗಳು ಗುರುತಿನ ನಕ್ಷತ್ರಗಳನ್ನು ಹಿಡಿದಿಟ್ಟುಕೊಂಡಿರುತ್ತವೆ. ಅವು ಕೂದಲೆಳೆಯಷ್ಟು ಸರಿದರೂ ಕಂಪ್ಯೂಟರ್ ಚಕ್ರದ ವೇಗವನ್ನು ಚೂರೇ ಚೂರು ತಿದ್ದುತ್ತದೆ. ಒಂದೊಂದು ಸೆಕೆಂಡಿನಲ್ಲೂ ಹತ್ತಾರು ಬಾರಿ ಹೀಗೆ ನಡೆಯುತ್ತದೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಹಬಲ್‌ನ ಜೈರೋಸ್ಕೋಪುಗಳು ಕೆಟ್ಟವು ಎಂಬ ಸುದ್ದಿ ಆಗಾಗ ಬರುತ್ತದೆ. 2024ರಿಂದ ಅದು ಒಂದೇ ಜೈರೋ ನಂಬಿ ಕೆಲಸ ಮಾಡುತ್ತಿದೆ. ಜೈರೋ ಬೇರೆ, ಈ ಚಕ್ರಗಳೇ ಬೇರೆ. ಎಷ್ಟು ತಿರುಗಿದೆ ಎಂದು ಅಳೆಯುವುದು ಜೈರೋ. ತಿರುಗಿಸುವುದು ಚಕ್ರ.

ಮೂರು ಸಾಲದೆ ನಾಲ್ಕು ಏಕೆ?

ಎಡ-ಬಲ, ಮೇಲೆ-ಕೆಳಗೆ, ಮಗ್ಗುಲು ಹೊರಳುವುದು ಇಷ್ಟಕ್ಕೆ ಮೂರು ಚಕ್ರ ಸಾಕು. ನಾಲ್ಕನೆಯದನ್ನು ಓರೆಯಾಗಿ ಕೂರಿಸುತ್ತಾರೆ, ಯಾವುದಾದರೂ ಕೆಟ್ಟರೆ ಅದು ಆ ಜಾಗ ತುಂಬುತ್ತದೆ. ಇನ್ನೊಂದು ಕಾರಣವೂ ಇದೆ, ನನಗೆ ಅದೇ ಹೆಚ್ಚು ಇಷ್ಟ. ಚಕ್ರ ಒಂದು ಕಡೆ ಸುತ್ತುತ್ತಾ ನಿಧಾನವಾಗಿ, ನಿಂತು, ಎದುರು ಕಡೆ ಹೊರಡಬೇಕಾದಾಗ ಸೊನ್ನೆ ವೇಗದ ಹತ್ತಿರ ಬೇರಿಂಗ್ ಕಚ್ಚಿಕೊಂಡ ಹಾಗಾಗುತ್ತದೆ. ಆಮೇಲೆ ತಟಕ್ಕನೆ ಬಿಡುತ್ತದೆ. ಬಿರುಸಾದ ಬೀರು ಬಾಗಿಲು ಎಳೆದ ಹಾಗೆ. ಆ ತಟಕ್ ಚಿತ್ರದಲ್ಲಿ ಮಸುಕಾಗಿ ಕಾಣುತ್ತದೆ. ನಾಲ್ಕು ಚಕ್ರ ಇದ್ದರೆ, ಒಂದರ ಪರಿಣಾಮವನ್ನು ಇನ್ನೊಂದು ಅಳಿಸುವಂತೆ ಜೋಡಿಸಿ, ಎಲ್ಲವನ್ನೂ ಸೊನ್ನೆಯಿಂದ ದೂರದ ವೇಗದಲ್ಲಿ ಇಡಬಹುದು.

ಕೆರೆ ತುಂಬಿದಾಗ

ಮತ್ತೆ ಕುರ್ಚಿಗೆ ಬನ್ನಿ. ಈ ಸಲ ಇನ್ನೊಬ್ಬರಿಗೆ ಕುರ್ಚಿಯ ಕೈಯನ್ನು ಒಂದೇ ಬೆರಳಿನಿಂದ ಮೆಲ್ಲಗೆ ತಳ್ಳುತ್ತಲೇ ಇರಲು ಹೇಳಿ. ನೀವು ಕದಲಬಾರದು. ಅವರು ನಿಮ್ಮನ್ನು ಎಡಕ್ಕೆ ತಳ್ಳಿದರೆ ನೀವು ಚಕ್ರವನ್ನು ಎಡಕ್ಕೆ ಇನ್ನೂ ಜೋರಾಗಿ ಸುತ್ತಬೇಕು. ಮತ್ತೆ ತಳ್ಳುತ್ತಾರೆ, ಮತ್ತೆ ಜಾಸ್ತಿ ಸುತ್ತಬೇಕು. ಸ್ವಲ್ಪ ಹೊತ್ತಿಗೆ ಚಕ್ರದ ವೇಗಕ್ಕೆ ಕೈ ಸಾಲದೇ ಹೋಗುತ್ತದೆ. ಆ ಕ್ಷಣದಿಂದ ಕುರ್ಚಿ ಅವರು ಹೇಳಿದಂತೆ ಕೇಳುತ್ತದೆ, ನಿಮ್ಮ ಮಾತು ಕೇಳುವುದಿಲ್ಲ.

ಆಕಾಶದಲ್ಲೂ ಅಂಥ ಬೆರಳುಗಳಿವೆ. ಹಬಲ್‌ನ ಭೂಮಿಯ ಕಡೆಯ ತುದಿಯನ್ನು ಭೂಮಿ ಇನ್ನೊಂದು ತುದಿಗಿಂತ ಚೂರು ಹೆಚ್ಚು ಎಳೆಯುತ್ತದೆ, ಅದು ನೆಟ್ಟಗೆ ನೇತಾಡಲಿ ಎಂಬಂತೆ. ಬಿಸಿಲು ಸೌರ ಫಲಕಗಳನ್ನು ಒತ್ತುತ್ತದೆ. ತೆಳುವಾದ ಗಾಳಿಯೂ ಇದೆ. ಭೂಮಿಯ ಎಳೆತವೊಂದನ್ನೇ ಅಂದಾಜು ಲೆಕ್ಕ ಹಾಕಿದರೆ, ತೀರಾ ಕೆಟ್ಟ ಕೋನದಲ್ಲಿ, ಒಂದು ಮೀಟರ್ ಕೋಲಿನ ತುದಿಗೆ 10 ಗ್ರಾಂ ತೂಗಿಬಿಟ್ಟಷ್ಟು ತಿರುಚುವ ಬಲ ಬರುತ್ತದೆ. ಅದು ಒಂದೇ ದಿಕ್ಕಿನಲ್ಲಿ ಬರುತ್ತಿದ್ದರೆ ನಿಂತ ಚಕ್ರವೊಂದು 50 ನಿಮಿಷದೊಳಗೆ 3,000 ಸುತ್ತಿನ ಮಿತಿ ಮುಟ್ಟುತ್ತದೆ. ಹಬಲ್ 95 ನಿಮಿಷಕ್ಕೊಮ್ಮೆ ಭೂಮಿ ಸುತ್ತುವುದರಿಂದ ಆ ಎಳೆತದ ಬಹುಪಾಲು ಅತ್ತ ಇತ್ತ ಆಗಿ ತಾನೇ ಕಳೆದುಹೋಗುತ್ತದೆ. ಕಳೆಯದೆ ಉಳಿದದ್ದು ದಿನದಿನಕ್ಕೂ ಸೇರುತ್ತಾ ಹೋಗುತ್ತದೆ.

ಚಕ್ರ ಅಂದರೆ ಕೆರೆ ಇದ್ದ ಹಾಗೆ. ಹೊರಗಿಂದ ಬಂದ ತಿರುಗುವಿಕೆಯನ್ನು ತುಂಬಿಟ್ಟುಕೊಳ್ಳುತ್ತದೆ, ಇಲ್ಲವಾಗಿಸುವುದಿಲ್ಲ. ತೂಬು ಇಲ್ಲದಿದ್ದರೆ ಒಂದು ದಿನ ಕೋಡಿ ಬೀಳಲೇಬೇಕು. ಬರೀ ಚಕ್ರ ಕೂರಿಸಿದರೆ ಮುಗಿಯಿತು ಎಂದುಕೊಳ್ಳುವವರು ಬಿಡುವುದು ಈ ತೂಬನ್ನೇ.

ಕುರ್ಚಿಯಲ್ಲಿ ತೂಬು ಯಾವುದು? ಪಕ್ಕದ ಕಿಟಕಿಯ ಸರಳು. ಬಲಗೈಯಿಂದ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಚಕ್ರದ ಅಂಚನ್ನು ನಿಮ್ಮ ಮೊಣಕಾಲಿಗೆ ಮೆಲ್ಲಗೆ ಒತ್ತಿ ನಿಲ್ಲಿಸಿ. ಚಕ್ರ ನಿಲ್ಲುತ್ತದೆ, ನೀವು ತಿರುಗುವುದಿಲ್ಲ. ತಿರುಗುವಿಕೆಯೆಲ್ಲ ಮನೆಗೆ, ಮನೆಯಿಂದ ಭೂಮಿಗೆ ಇಳಿಯಿತು. ಆಕಾಶದಲ್ಲಿ ಹಿಡಿಯಲು ಸಿಗುವ ಸರಳು ಭೂಮಿಯ ಕಾಂತಕ್ಷೇತ್ರ.

ಅದನ್ನು ಹಿಡಿಯುವ ಕೈ ಮ್ಯಾಗ್ನೆಟಿಕ್ ಟಾರ್ಕರ್. ಕಬ್ಬಿಣದಂಥ ತಿರುಳಿನ ಮೇಲೆ ತಂತಿ ಸುತ್ತಿದ ಉದ್ದನೆಯ ಸರಳು, ಅಷ್ಟೇ. ಹಬಲ್‌ನಲ್ಲಿ ಅಂಥವು ನಾಲ್ಕಿವೆ, ಒಂದೊಂದೂ ಸುಮಾರು ಎರಡೂವರೆ ಮೀಟರ್ ಉದ್ದ. ಕರೆಂಟ್ ಹರಿಸಿದರೆ ಸರಳು ಅಯಸ್ಕಾಂತವಾಗುತ್ತದೆ. ದಿಕ್ಸೂಚಿಯ ಮುಳ್ಳಿನ ಹಾಗೆ ಭೂಮಿಯ ಕ್ಷೇತ್ರದ ಕಡೆ ತಿರುಗಲು ನೋಡುತ್ತದೆ, ಜೊತೆಗೆ ಇಡೀ ದೂರದರ್ಶಕವನ್ನು ತಿರುಚುತ್ತದೆ. ಆದರೆ ಚಕ್ರಗಳು ದೂರದರ್ಶಕವನ್ನು ಕದಲಲು ಬಿಡುವುದಿಲ್ಲ. ಆ ತಿರುಚನ್ನು ತಡೆಯುವ ಪ್ರಯತ್ನದಲ್ಲಿ ಚಕ್ರಗಳ ವೇಗವೇ ಇಳಿಯುತ್ತಾ ಬರುತ್ತದೆ. ಕ್ಯಾಮೆರಾ ತನ್ನ ಪಾಡಿಗೆ ನಕ್ಷತ್ರ ನೋಡುತ್ತಲೇ ಇರುತ್ತದೆ, ಕೆಳಗೆ ಕೆರೆ ಮೆಲ್ಲಗೆ ಬಸಿಯುತ್ತಿರುತ್ತದೆ.

ಈ ತೂಬಿಗೆ ಒಂದು ಹಟ ಇದೆ. ದಿಕ್ಸೂಚಿಯ ಮುಳ್ಳನ್ನು ಅದರ ಉತ್ತರ-ದಕ್ಷಿಣ ಗೆರೆಯನ್ನೇ ಅಚ್ಚು ಮಾಡಿಕೊಂಡು ಹೊರಳಿಸಲು ಭೂಮಿಗೆ ಆಗುವುದಿಲ್ಲ. ಹಾಗೆಯೇ ಕಾಂತಕ್ಷೇತ್ರದ ಗೆರೆ ಯಾವ ಕಡೆ ಹೋಗುತ್ತದೋ ಆ ಗೆರೆಯ ಸುತ್ತಲಿನ ತಿರುಗುವಿಕೆಯನ್ನು ಟಾರ್ಕರ್ ಮುಟ್ಟಲಾರದು. ಆದ್ದರಿಂದ ಕಾಯಬೇಕು. ಉಪಗ್ರಹ ಮುಂದೆ ಸಾಗಿದ ಹಾಗೆ ಕ್ಷೇತ್ರದ ದಿಕ್ಕು ಬದಲಾಗುತ್ತದೆ, ಈಗ ಬಸಿಯಲಾಗದ್ದು ಅರ್ಧ ಗಂಟೆಯ ನಂತರ ಬಸಿಯುತ್ತದೆ. ಕ್ಷೇತ್ರ ಈಗ ಎತ್ತ ಇದೆ ಎಂದು ಕಾಂತಮಾಪಕ ಹೇಳುತ್ತಿರಬೇಕು. ಚಿಕ್ಕ ಉಪಗ್ರಹಗಳಲ್ಲಿ ಮಾಪಕ ಮತ್ತು ಟಾರ್ಕರ್ ಪಕ್ಕಪಕ್ಕವೇ ಇರುತ್ತವೆ. ಟಾರ್ಕರ್ ಚಾಲೂ ಇದ್ದಾಗ ಅಳೆದರೆ ಮಾಪಕ ಭೂಮಿಯ ಬದಲು ಟಾರ್ಕರನ್ನೇ ಅಳೆಯುತ್ತದೆ. ಅದಕ್ಕೆ ಅಳೆಯುವಷ್ಟು ಹೊತ್ತು ಕರೆಂಟ್ ನಿಲ್ಲಿಸಿ, ಆಮೇಲೆ ಮತ್ತೆ ಹರಿಸುತ್ತಾರೆ.

ನಮ್ಮ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಜೋಡಿಸುವ ಭೂವೀಕ್ಷಣಾ ಉಪಗ್ರಹಗಳಲ್ಲೂ ಇದೇ ಜೋಡಿ ಇರುತ್ತದೆ. ಚಕ್ರಗಳನ್ನು ತಿರುವನಂತಪುರದ ಇಸ್ರೋ ಘಟಕ ಮಾಡುತ್ತದೆ.

ಸರಳು ಸಿಗದ ಜಾಗ

36,000 ಕಿ.ಮೀ. ಎತ್ತರದ ಟಿವಿ ಉಪಗ್ರಹಗಳ ಬಳಿ ಭೂಮಿಯ ಕಾಂತಕ್ಷೇತ್ರ ನೂರಾರು ಪಟ್ಟು ದುರ್ಬಲ. ಅಲ್ಲಿ ಚಕ್ರದ ಕೆರೆ ಬರಿದು ಮಾಡಲು ರಾಕೆಟ್ ಕೊಳವೆಯನ್ನೇ ಬಳಸುವುದು ವಾಡಿಕೆ. ಕೆಪ್ಲರ್ ದೂರದರ್ಶಕದ ಕಥೆ ಇನ್ನೂ ಕಷ್ಟ. 2009ರಲ್ಲಿ ಹಾರಿದ ಅದು ಸೂರ್ಯನ ಸುತ್ತ ಸುತ್ತುತ್ತಿತ್ತು, ಭೂಮಿಯಿಂದ ದೂರ. ಹಿಡಿಯಲು ಕಾಂತಕ್ಷೇತ್ರವೇ ಇಲ್ಲ. ನಾಲ್ಕು ಚಕ್ರಗಳಿದ್ದವು, ಕೆಲವು ದಿನಗಳಿಗೊಮ್ಮೆ ಇಂಧನ ಸುಟ್ಟು ಅವುಗಳ ವೇಗ ಇಳಿಸುತ್ತಿದ್ದರು.

ಚಕ್ರ ಕೆಡುವ ಮುನ್ನ ಸುಳಿವು ಕೊಡುತ್ತದೆ. ಅದೇ ವೇಗಕ್ಕೆ ಮೋಟರ್ ಮೊದಲಿಗಿಂತ ಜಾಸ್ತಿ ಕರೆಂಟ್ ಎಳೆಯುತ್ತದೆ, ಬೇರಿಂಗ್ ಬಿಸಿಯಾಗುತ್ತದೆ. ಜಿಡ್ಡು ಇರಬೇಕಾದ ಕಡೆ ಇಲ್ಲ ಎಂದರ್ಥ. ಕೆಪ್ಲರ್‌ನ ಒಂದು ಚಕ್ರ 2012ರ ಜುಲೈನಲ್ಲಿ ನಿಂತಿತು. ಇನ್ನೊಂದರಲ್ಲಿ ಉಜ್ಜಾಟ ಹೆಚ್ಚಿದ್ದು ಕಂಡಾಗ 2013ರ ಜನವರಿಯಲ್ಲಿ ಹತ್ತು ದಿನ ಚಕ್ರಗಳನ್ನು ನಿಲ್ಲಿಸಿ ವಿಶ್ರಾಂತಿ ಕೊಟ್ಟರು, ಜಿಡ್ಡು ಮತ್ತೆ ಹರಡಿಕೊಳ್ಳಲಿ ಎಂದು. ಫಲ ಸಿಗಲಿಲ್ಲ. ಮೇ ತಿಂಗಳಲ್ಲಿ ಅದೂ ನಿಂತಿತು.

ಉಳಿದ ಎರಡು ಚಕ್ರಗಳಿಂದ ಏನು ಮಾಡುವುದು? ತಂಡದವರು ಕೆಪ್ಲರನ್ನು ಬಿಸಿಲು ಎರಡೂ ಮಗ್ಗುಲಿಗೆ ಸಮನಾಗಿ ಬೀಳುವಂತೆ ನಿಲ್ಲಿಸಿದರು. ತಳ್ಳುತ್ತಿದ್ದ ಬೆರಳೇ ಈಗ ಆಸರೆಯಾಯಿತು. ಮೂರನೆಯ ದಿಕ್ಕಿನಲ್ಲಿ ಆಗುವ ಚೂರುಪಾರು ಹೊರಳಾಟವನ್ನು ಕೊಳವೆಗಳು ಆಗಾಗ ತಿದ್ದುತ್ತಿದ್ದವು. ಹೀಗೆ ಇನ್ನೂ ನಾಲ್ಕು ವರ್ಷ ಅದು ಗ್ರಹಗಳನ್ನು ಹುಡುಕಿತು. 2018ರ ಅಕ್ಟೋಬರ್‌ನಲ್ಲಿ ಇಂಧನ ತೀರಿತು, ಕೆಲಸವೂ ನಿಂತಿತು. ಅದಕ್ಕಿಂತ 19 ವರ್ಷ ಮೊದಲೇ ಹಾರಿದ ಹಬಲ್ ಮಾತ್ರ ಇಂದಿಗೂ ಭೂಮಿಯ ಕಾಂತಕ್ಷೇತ್ರವನ್ನು ಹಿಡಿದುಕೊಂಡು ತನ್ನ ಚಕ್ರಗಳನ್ನು ಬಸಿಯುತ್ತಿದೆ.