ರಿಮೋಟ್ ಬಚ್ಚಿಡದೆ ಮಕ್ಕಳ ಟಿವಿ ದಿನಕ್ಕೆ ಒಂದೇ ಗಂಟೆಗೆ ಇಳಿಯಿತು

"ರಿಮೋಟ್ ಅಟ್ಟದ ಮೇಲಿಡು, ಸಾಕು. ಈ ಸೆಟ್ಟಿಂಗ್ ಎಲ್ಲ ನಡೆಯೋದಿಲ್ಲ" ಅಂತ ನಮ್ಮ ಭಾವ ಹೇಳಿದ್ದರು. ಈಗ ಅವರ ಮನೆಯ ಟಿವಿಗೂ ಮಕ್ಕಳ ಟೈಮ್ ಮಿತಿಯ ಸೆಟ್ಟಿಂಗ್ ನಾನೇ ಮಾಡಿಕೊಟ್ಟಿದ್ದೇನೆ. ನಮ್ಮದು 43 ಇಂಚಿನ ಗೂಗಲ್ ಟಿವಿ. ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ಮನೆಯಲ್ಲಿ ಅಮ್ಮನೂ ಇದ್ದಾರೆ, ಅವರಿಗೆ ಸಂಜೆ ಧಾರಾವಾಹಿ ಬೇಕೇ ಬೇಕು. ಇಡೀ ಕಷ್ಟ ಇರೋದು ಅಲ್ಲೇ.

ಮೊದಲು ದುಡ್ಡು ಹೋದ ಕಥೆ. ಸಾವಿರ ರೂಪಾಯಿ ಹತ್ತಿರ ಕೊಟ್ಟು ಸ್ಮಾರ್ಟ್ ಪ್ಲಗ್ ತಂದೆ. ಏಳೂವರೆಗೆ ಅದು ಟಿವಿಗೆ ಕರೆಂಟ್ ಕಟ್ ಮಾಡುತ್ತಿತ್ತು. ಕಾರ್ಟೂನ್ ಅರ್ಧದಲ್ಲಿ ಪರದೆ ಕಪ್ಪಾಗುತ್ತಿತ್ತು, ಮಗ ನೆಲಕ್ಕೆ ಬಿದ್ದು ಅಳುತ್ತಿದ್ದ. ಅಮ್ಮನ ಧಾರಾವಾಹಿಯೂ ಅದರ ಜೊತೆಗೇ ಹೋಗುತ್ತಿತ್ತು. ಆಮೇಲೆ ಎರಡೂವರೆ ಸಾವಿರದ ಆಸುಪಾಸು ಒಂದು ರೂಟರ್ ತಂದು, ಟಿವಿಗೆ ಮಾತ್ರ ನೆಟ್ ನಿಲ್ಲುವ ಹಾಗೆ ಟೈಮ್ ಇಟ್ಟೆ. ಆಗಲೇ ಲೋಡ್ ಆಗಿದ್ದ ವಿಡಿಯೋ ಇನ್ನೂ ಸ್ವಲ್ಪ ಹೊತ್ತು ಓಡುತ್ತಿತ್ತು. ಅದು ನಿಂತ ತಕ್ಷಣ ಮಗಳು ಇನ್‌ಪುಟ್ ಬಟನ್ ಒತ್ತಿ ಡಿಟಿಎಚ್ ಬಾಕ್ಸ್‌ಗೆ ಹೋಗುತ್ತಿದ್ದಳು. ಅಲ್ಲಿ ನೆಟ್ ಯಾಕೆ ಬೇಕು, ಅಲ್ವಾ?

ಕೊನೆಗೆ ಟಿವಿಯಲ್ಲೇ ಇರುವ ಕಿಡ್ಸ್ ಪ್ರೊಫೈಲ್‌ಗೆ ಬಂದೆ, ಅಂದರೆ ಯಾವ ಆ್ಯಪ್, ಎಷ್ಟು ಹೊತ್ತು ಅಂತ ನಾವೇ ಗೊತ್ತುಮಾಡುವ ಮಕ್ಕಳ ಖಾತೆ. ಮಾಡುವುದು ನಿಮಗೆ ಗೊತ್ತೇ ಇರುತ್ತದೆ, ಹತ್ತು ನಿಮಿಷದ ಕೆಲಸ. ನಾನು ಒತ್ತಿ ಹೇಳುವುದು ಎರಡು ವಿಷಯ. ಒಂದು, ಪ್ರೊಫೈಲ್ ಮಾಡಿ ಬಿಟ್ಟರೆ ಆಗಲಿಲ್ಲ, ಹೊರಗೆ ಬರಲು ಪಿನ್ ಕೇಳುವ Profile lock ಹಾಕಲೇಬೇಕು. ಇಲ್ಲದಿದ್ದರೆ ಟೈಮ್ ಮುಗಿದ ಕೂಡಲೇ ಮಕ್ಕಳು ಅಪ್ಪನ ಪ್ರೊಫೈಲ್‌ಗೆ ಹಾರುತ್ತಾರೆ. ಎರಡು, ಪ್ರತಿ ಮಗುವಿಗೂ ಬೇರೆ ಪ್ರೊಫೈಲ್ ಬೇಡ. ಲಿಮಿಟ್ ಎಣಿಕೆಯಾಗುವುದು ಪ್ರೊಫೈಲ್ ಲೆಕ್ಕದಲ್ಲಿ. ಇಬ್ಬರಿಗೂ ಒಂದೊಂದು ಗಂಟೆ ಕೊಟ್ಟಿದ್ದೆ. ಅಕ್ಕನದು ಮುಗಿದ ಮೇಲೆ ತಮ್ಮನದು ತೆರೆದು, ಇಬ್ಬರೂ ಒಟ್ಟಿಗೆ ಕೂತು ಎರಡು ಗಂಟೆ ನೋಡಿದರು! ಈಗ ಇಬ್ಬರಿಗೂ ಒಂದೇ ಪ್ರೊಫೈಲ್, ಚಿಕ್ಕವನ ವಯಸ್ಸಿಗೆ ಹೊಂದುವ ಆ್ಯಪ್‌ಗಳು. Screen time ಒಳಗೆ ದಿನಕ್ಕೆ ಒಂದು ಗಂಟೆ, ಜೊತೆಗೆ ರಾತ್ರಿ ಎಂಟಕ್ಕೆ Bedtime. 2 ರಿಂದ 4 ವರ್ಷದವರಿಗೆ ಒಂದು ಗಂಟೆಗಿಂತ ಜಾಸ್ತಿ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತ್ತು, ಅದನ್ನೇ ಹಿಡಿದೆ. ಮಗಳಿಗೆ ಇದು ಕಮ್ಮಿಯೇ. ಭಾನುವಾರ Bonus time ಕೊಟ್ಟು ಸರಿದೂಗಿಸುತ್ತೇನೆ.

ಪ್ಲಗ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸ ಏನೆಂದರೆ, ಟೈಮ್ ಮುಗಿಯುವ ಮೊದಲೇ ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ. ಅದು ಬಂದಾಗ ಮಗಳೇ ತಮ್ಮನಿಗೆ "ಇದೇ ಲಾಸ್ಟು ಕಣೋ" ಅನ್ನುತ್ತಾಳೆ. ನೆಟ್‌ಫ್ಲಿಕ್ಸ್ ಕೊಡುವುದಾದರೆ ಮುಂದಿನ ಎಪಿಸೋಡ್ ತಾನಾಗಿಯೇ ಶುರುವಾಗುವುದನ್ನು ಬ್ರೌಸರ್‌ನಲ್ಲಿ ಲಾಗಿನ್ ಆಗಿ ಆಫ್ ಮಾಡಿ. ಅದರೊಳಗೆ ದೊಡ್ಡವರ ಪ್ರೊಫೈಲ್‌ಗೆ ಬೇರೆ ಪಿನ್ ಬೇಕು, ಟಿವಿಯ ಪಿನ್ ಅಲ್ಲಿ ನಡೆಯುವುದಿಲ್ಲ.

ಇನ್ನು ಡಿಟಿಎಚ್. ಟಿವಿಯ ಇನ್‌ಪುಟ್‌ಗೇ ಲಾಕ್ ಹಾಕುವ ಸೌಲಭ್ಯ ನಮ್ಮ ಟಿವಿಯಲ್ಲಿದೆ, ಹಾಕಿಯೂ ನೋಡಿದೆ. ದಿನಾ ಅಮ್ಮನಿಗೆ ಪಿನ್ ಒತ್ತುವ ಕಾಟ. ಕನ್ನಡಕ ಹುಡುಕುವಷ್ಟರಲ್ಲಿ ಧಾರಾವಾಹಿ ಅರ್ಧ ಮುಗಿದಿರುತ್ತಿತ್ತು. ಆಗ ಹೊಳೆದದ್ದೇ ಈ ಉಪಾಯ: ಇನ್‌ಪುಟ್ ತೆರೆದೇ ಇರಲಿ, ಸೆಟ್‌ಟಾಪ್ ಬಾಕ್ಸ್‌ನ ಚಾನೆಲ್ ಲಾಕ್‌ನಲ್ಲಿ ಕಾರ್ಟೂನ್ ಚಾನೆಲ್‌ಗಳನ್ನು ಮಾತ್ರ ಮುಚ್ಚಿದೆ. ವಾರ್ತೆ, ಧಾರಾವಾಹಿ ಎಲ್ಲ ಹಾಗೇ ಇವೆ. ಮಕ್ಕಳು ಎರಡು ನಿಮಿಷ ನೋಡಿ ಎದ್ದು ಹೋಗುತ್ತಾರೆ. ಬಾಕ್ಸ್ ಜೊತೆ ಬರುವ ಪಿನ್ 0000 ಅಥವಾ 1234 ಇದ್ದರೆ ಮೊದಲು ಬದಲಿಸಿ.

ನಡುವೆ ಇನ್ನೊಂದು ಪ್ರಯೋಗ. ಯೂಟ್ಯೂಬ್ ಕಿಡ್ಸ್‌ನಲ್ಲಿ ನಾವೇ ಆರಿಸಿದ್ದು ಮಾತ್ರ ಕಾಣುವ ಹಾಗೆ ಮಾಡಬಹುದು. ಸುಮಾರು ನಲವತ್ತು ವಿಡಿಯೋ ಆರಿಸಿಟ್ಟೆ. ಹುಡುಕಾಟವೂ ಬಂದ್ ಆಗುತ್ತದೆ. ಮಗನಿಗೆ ಬಹಳ ಒಪ್ಪಿತು, ಟ್ರ್ಯಾಕ್ಟರ್ ವಿಡಿಯೋ ಒಂದನ್ನೇ ತಿರುಗಿಸಿ ತಿರುಗಿಸಿ ನೋಡಿದ. ಮಗಳಿಗೆ ವಾರದಲ್ಲಿ ಬೇಜಾರಾಯಿತು. ಹೊಸದು ಆರಿಸುತ್ತಾ ಕೂರಲು ನನಗೂ ಪುರುಸೊತ್ತಿಲ್ಲ, ಅದಕ್ಕೆ ಈಗ ಅದರ ಬದಲು ಚಿಕ್ಕ ಮಕ್ಕಳಿಗೆಂದೇ ಇರುವ ವಿಭಾಗ ಇಟ್ಟಿದ್ದೇನೆ.

ಪಿನ್ ವಿಷಯದಲ್ಲಿ ಹುಷಾರು. ನಮ್ಮ ಟಿವಿಯಲ್ಲಿ ಅಂಕಿಯನ್ನು ಬಾಣದ ಗುಂಡಿ ಒತ್ತಿ ಮೇಲೆ ಕೆಳಗೆ ಸರಿಸಬೇಕು. ಮಗಳು ಪರದೆ ನೋಡುತ್ತಲೇ ಇರಲಿಲ್ಲ, ನನ್ನ ಹೆಬ್ಬೆರಳು ಎಷ್ಟು ಸಲ ಒತ್ತಿತು ಅಂತ ಎಣಿಸುತ್ತಿದ್ದಳು! ಮೂರನೇ ಅಂಕಿಯವರೆಗೂ ಸರಿಯಾಗಿ ಹೇಳಿದಳು. ಈಗ ಎಣಿಸಿದರೂ ಅವಳಿಗೆ ಸಿಗದ ಹಾಗೆ ಒತ್ತುವ ಒಂದು ಕ್ರಮ ಮಾಡಿಕೊಂಡಿದ್ದೇನೆ, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅವಳಿಗೆ ಈಗ ಓದಲು ಬರುತ್ತದೆ.